ತಂದೆಯ ಸಮಾಧಿಯ ಬಳಿ ಇಬ್ಬರು ಮಕ್ಕಳು

ಕರ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರೇ,

ಒಂದೇ ತಾಯಿಯ ಮಕ್ಕಳು ಈ ಸಭೆಯಲ್ಲಿ ಒಬ್ಬರು ಎಡಗಡೆಯ ಸಾಲಿನಲ್ಲಿ, ಒಬ್ಬರು ಬಲಗಡೆಯ ಸಾಲಿನಲ್ಲಿ ಕುಳಿತು, ಕೊನೆಯ ಹಾಡು ಮುಗಿಯುವ ಮೊದಲೇ ಒಬ್ಬರು ಎದ್ದು ಹೊರಟುಹೋಗುವುದನ್ನು ನಾನು ಇಲ್ಲಿಂದ ಎಷ್ಟೋ ಭಾನುವಾರಗಳಿಂದ ನೋಡುತ್ತಿದ್ದೇನೆ. ಬಾಗಿಲಲ್ಲಿ ಮುಖಾಮುಖಿಯಾಗಬಾರದೆಂಬುದೇ ಆ ಅವಸರಕ್ಕೆ ಕಾರಣ. ಇಂಥ ಮನೆ ನಮ್ಮಲ್ಲಿ ಒಂದೇ ಇಲ್ಲ; ಆದ್ದರಿಂದ ಯಾರೂ ಪಕ್ಕದವರ ಕಡೆ ತಿರುಗಿ ನೋಡಬೇಕಾಗಿಲ್ಲ.

ಆದಿಕಾಂಡದ ಇಸಾಕನ ಮನೆಯಲ್ಲೂ ಜಗಳ ಹುಟ್ಟಿದ್ದು ಪಾಲಿನ ವಿಷಯದಲ್ಲಿಯೇ. ಚೊಚ್ಚಲಮಗನಿಗೆ ಆಸ್ತಿಯಲ್ಲಿ ಎರಡು ಪಾಲು ಸಲ್ಲಬೇಕೆಂದು ಮುಂದೆ ಮೋಶೆಯ ಧರ್ಮಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಆ ಜ್ಯೇಷ್ಠತ್ವದ ಹಕ್ಕನ್ನು ಏಸಾವನು ಹಸಿದು ಬಂದಿದ್ದ ಹೊತ್ತಿನಲ್ಲಿ ತಮ್ಮನಾದ ಯಾಕೋಬನು ಒಂದು ಊಟಕ್ಕೆ ಬರೆಸಿಕೊಂಡಂತೆ ಕಿತ್ತುಕೊಂಡನು. ಆಮೇಲೆ ಕಣ್ಣು ಮಂಜಾಗಿದ್ದ ತಂದೆಯ ಮುಂದೆ ಅಣ್ಣನ ಬಟ್ಟೆ ತೊಟ್ಟು ನಿಂತು, ಅಣ್ಣನಿಗೆ ಸಲ್ಲಬೇಕಾಗಿದ್ದ ಆಶೀರ್ವಾದವನ್ನೂ ಪಡೆದುಕೊಂಡನು. ಇದಕ್ಕೆ ತಾಯಿಯ ಕುಮ್ಮಕ್ಕೂ ಇತ್ತು. ಏಸಾವನಿಗಾದದ್ದು ಅನ್ಯಾಯವೇ, ಕ್ಷಮೆಯ ಹೆಸರಿನಲ್ಲಿ ಅದನ್ನು ಅನ್ಯಾಯವಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ. ಅವನು ಬಿಕ್ಕಿ ಬಿಕ್ಕಿ ಅತ್ತನು, ಬಳಿಕ ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡನು: ತಂದೆ ಸಾಯುವ ಕಾಲ ಹತ್ತಿರವಾಗಿದೆ, ಆ ದುಃಖದ ದಿನಗಳು ಬಂದಾಗ ತಮ್ಮನನ್ನು ಕೊಂದುಹಾಕುತ್ತೇನೆ. ಈ ಮಾತನ್ನು ನೆನಪಿನಲ್ಲಿಡಿ.

ಯಾಕೋಬನು ಓಡಿಹೋಗಿ ಸೋದರಮಾವನಾದ ಲಾಬಾನನ ಮನೆಯಲ್ಲಿ 20 ವರ್ಷ ದುಡಿದನು. ಅಲ್ಲಿ ಅವನೂ ಮೋಸಹೋದನು, ಆ ಕಥೆ ಇವತ್ತು ಬೇಡ. ಹಿಂದಿರುಗುವ ದಾರಿಯಲ್ಲಿ, ಅಣ್ಣನು 400 ಜನರೊಂದಿಗೆ ಎದುರಾಗಿ ಬರುತ್ತಿದ್ದಾನೆಂಬ ಸುದ್ದಿ ಬಂತು. ಯಾಕೋಬನು ನಡುಗಿದನು. ಆಡು, ಕುರಿ, ಒಂಟೆ, ದನ, ಕತ್ತೆಗಳ ಮಂದೆಗಳನ್ನು ಬೇರೆ ಬೇರೆಯಾಗಿ ಮುಂದೆ ಕಳುಹಿಸಿ, ಕೊನೆಗೆ ತಾನೇ ಎಲ್ಲರಿಗಿಂತ ಮುಂದಾಗಿ ನಡೆದು, ಏಳು ಸಾರಿ ನೆಲದವರೆಗೆ ಬಾಗುತ್ತಾ ಅಣ್ಣನ ಹತ್ತಿರ ಬಂದನು. ಏಸಾವನು ಏನು ಮಾಡಿದನು? ನಿಂತಲ್ಲೇ ನಿಂತು ತಮ್ಮನು ಏಳು ಸಾರಿ ಬಾಗಿದನೋ ಇಲ್ಲವೋ ಎಂದು ಎಣಿಸಲಿಲ್ಲ. ಓಡಿಬಂದು ಅಪ್ಪಿಕೊಂಡನು, ಕೊರಳಿನ ಮೇಲೆ ಬಿದ್ದು ಮುದ್ದಿಟ್ಟನು, ಇಬ್ಬರೂ ಅತ್ತರು.

ಆಮೇಲೆ ನಡೆದ ಮಾತುಕತೆಯನ್ನು ಆಸ್ತಿಯ ವ್ಯಾಜ್ಯವಿರುವ ಪ್ರತಿಯೊಂದು ಮನೆಯವರೂ ನಿಧಾನವಾಗಿ ಓದಬೇಕು. ಕಾಣಿಕೆಯನ್ನು ಕಂಡು ಏಸಾವನು, ತಮ್ಮಾ, ನನಗೆ ಬೇಕಾದಷ್ಟಿದೆ, ನಿನ್ನದು ನಿನಗೇ ಇರಲಿ ಅನ್ನುತ್ತಾನೆ. ಪಾಲು ಕಳೆದುಕೊಂಡವನ ಬಾಯಿಂದ ಬಂದ ಮಾತಿದು. ಅವನು ಹಳೆಯ ಲೆಕ್ಕವನ್ನು ಸುಳ್ಳೆನ್ನಲಿಲ್ಲ, ಅದನ್ನು ವಸೂಲಿಮಾಡುವುದನ್ನು ಬಿಟ್ಟನು. ಯಾಕೋಬನೋ ಅಣ್ಣನ ದೊಡ್ಡತನವನ್ನು ನೆಪಮಾಡಿಕೊಂಡು ಮಂದೆಗಳನ್ನು ಹಿಂದಕ್ಕೆ ಹೊಡೆದುಕೊಂಡು ಹೋಗಲಿಲ್ಲ, ಒತ್ತಾಯಮಾಡಿ ಕೊಟ್ಟನು. ಮೂಲ ಇಬ್ರಿಯ ಭಾಷೆಯಲ್ಲಿ ಅವನು ಆ ಕಾಣಿಕೆಗೆ ಬಳಸುವ ಪದಕ್ಕೆ ಆಶೀರ್ವಾದ ಎಂದೇ ಅರ್ಥ. ಅಂದು ತಂದೆಯ ಮುಂದೆ ಕದ್ದದ್ದು ಯಾವುದೋ, ಅದನ್ನೇ ಹೆಸರಿಟ್ಟು ಅಣ್ಣನ ಕೈಗೆ ಹಿಂದಿರುಗಿಸಿದಂತಾಯಿತು. ನಮ್ಮಲ್ಲಿ ಹೆಚ್ಚು ಪಡೆದವರು, ಅವನೇ ಕ್ಷಮಿಸಿದ್ದಾನಲ್ಲ ಎಂದು ಸುಮ್ಮನಾಗುವುದುಂಟು. ನನ್ನ ಮಟ್ಟಿಗೆ ಅದು ಎರಡನೆಯ ಸಾರಿ ಕದ್ದಂತೆ.

ಒಂದು ಮಾತು ಸೇರಿಸುತ್ತೇನೆ. ಆ ದಿನದ ನಂತರ ಅವರು ಒಂದೇ ಗುಡಾರದಲ್ಲಿ ಇರಲಿಲ್ಲ. ಏಸಾವನು ಸೇಯೀರಿಗೆ ಹೋದನು, ಯಾಕೋಬನು ಸುಕ್ಕೋತಿನ ಕಡೆ ತಿರುಗಿದನು. ಕ್ಷಮಿಸಿದಿರೆಂದರೆ ಮತ್ತೆ ಒಂದೇ ಮನೆಯಲ್ಲಿ ಬಾಳಲೇಬೇಕು, ಗಡಿಕಲ್ಲು ಕೀಳಲೇಬೇಕು, ಪತ್ರಗಳನ್ನು ಹರಿದುಹಾಕಬೇಕು ಎಂದು ಯಾರೂ ನಿಮ್ಮನ್ನು ಹೆದರಿಸದಿರಲಿ. ಪಾಲನ್ನು ಕ್ರಮವಾಗಿ ಅಳೆದು ಹಂಚಿಕೊಳ್ಳಿ, ಬೇಕಿದ್ದರೆ ನ್ಯಾಯಾಲಯವೇ ತೀರ್ಮಾನಿಸಲಿ. ಆದರೆ ವಾಯಿದೆಯ ದಿನ ಮೆಟ್ಟಿಲ ಮೇಲೆ ಅಣ್ಣ ಎದುರಾದರೆ, ಅಣ್ಣಾ, ಆರೋಗ್ಯ ಹೇಗಿದೆ ಎಂದು ಕೇಳುವುದನ್ನು ಯಾವ ದಾವೆಯೂ ತಡೆಯುವುದಿಲ್ಲ. ಇವತ್ತು ಬಾಗಿಲ ಬಳಿ ಅಷ್ಟನ್ನು ಕೇಳಲು ಸಾಧ್ಯವಾಗದಿದ್ದರೆ, ಕೊನೆಯ ಹಾಡಿನವರೆಗಾದರೂ ಕುಳಿತಿರಿ.

ಇಸಾಕನು 180 ವರ್ಷ ಬಾಳಿ ತೀರಿಕೊಂಡನು. ತಮ್ಮನನ್ನು ಕೊಲ್ಲುವುದಕ್ಕೆಂದು ಏಸಾವನು ಹಿಂದೆ ಗೊತ್ತುಮಾಡಿಕೊಂಡಿದ್ದ ದಿನ ಅದೇ. ಆ ದಿನ ನಡೆದದ್ದನ್ನು ಆದಿಕಾಂಡ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ: ಅವನ ಮಕ್ಕಳಾದ ಏಸಾವನೂ ಯಾಕೋಬನೂ ಸೇರಿ ಅವನನ್ನು ಸಮಾಧಿಮಾಡಿದರು.

ಆಮೆನ್.