ಹಳ್ಳಿಯ ಯುವಜನರ ನಗರ ವಲಸೆ: ಉಳಿದವರ ಮನೆಯೊಳಗಿನ ಬದಲಾವಣೆ

ಓದಿಗಾಗಿ ಹಳ್ಳಿ ಬಿಡುವುದನ್ನೂ ದುಡಿಮೆಗಾಗಿ ಬಿಡುವುದನ್ನೂ ಒಂದೇ ಬಗೆಯ ವಲಸೆಯೆಂದು ಎಣಿಸಲಾಗದು ಎಂಬುದು ಈ ಪ್ರಬಂಧದ ವಾದ. ಕಾಲೇಜು ಸೇರಿದವರಿಗೆ ಮನೆಯೇ ಹಣ ಕಳಿಸುತ್ತದೆ; ಕೆಲಸ ಹಿಡಿದವರು ಮನೆಗೆ ಕಳಿಸುತ್ತಾರೆ. ಪದವಿ ಮುಗಿದರೂ ಸಂಬಳ ಶುರುವಾಗದ ನಡುವಿನ ತಿಂಗಳುಗಳಲ್ಲಿ ಸಾಲದ ಭಾರ ಹೆಚ್ಚಾಗಿ ತಂದೆತಾಯಿಯರ ಮೇಲೇ ಬೀಳುತ್ತದೆ.

ವಲಸೆಯನ್ನು ಒಬ್ಬ ವ್ಯಕ್ತಿಯ ಆಯ್ಕೆಯೆಂದು ನೋಡದೆ, ಆದಾಯದ ಅಪಾಯವನ್ನು ಹಂಚಿಕೊಳ್ಳಲು ಇಡೀ ಕುಟುಂಬ ಕೈಗೊಳ್ಳುವ ನಿರ್ಧಾರವೆಂದು ನೋಡುವ ದೃಷ್ಟಿಯನ್ನು ಅರ್ಥಶಾಸ್ತ್ರಜ್ಞರಾದ ಓಡೆಡ್ ಸ್ಟಾರ್ಕ್ ಮತ್ತು ಡೇವಿಡ್ ಬ್ಲೂಮ್ 1985ರಲ್ಲಿ ಮಂಡಿಸಿದರು. ಇದು ಬೆಲೆಯುಳ್ಳ ಒಳನೋಟ, ನಿಜ. ಆದರೆ ಕುಟುಂಬಕ್ಕೆ ಒಂದೇ ಮನಸ್ಸಿರುತ್ತದೆಂಬ ಎಣಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಮಗನನ್ನು ಕಳಿಸುವ ಮಾತು ಹಿರಿಯರದಾಗಿದ್ದರೆ, ಅವನು ಬಿಟ್ಟುಹೋದ ಕೆಲಸ ಬಹುಮಟ್ಟಿಗೆ ಹೆಂಗಸರ ಪಾಲಾಗುತ್ತದೆ, ಮತ್ತು ಆ ದುಡಿಮೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಆರೈಕೆಯ ಕೊರತೆ ಇನ್ನೂ ಸೂಕ್ಷ್ಮವಾದದ್ದು. ಮಗಳು ಕಳಿಸಿದ ಹಣದಿಂದ ತಂದೆಯ ಔಷಧಿ ಮನೆಗೆ ಬರುತ್ತದೆ. ಯಾವ ಗುಳಿಗೆ ಬೆಳಿಗ್ಗೆ, ಯಾವುದು ರಾತ್ರಿ ಎಂದು ಚೀಟಿ ಓದಿ ಹೇಳುವವರು ಮಾತ್ರ ಹತ್ತಿರದಲ್ಲಿರುವುದಿಲ್ಲ. ಅವಳು ಫೋನಿನಲ್ಲಿ ಗುಳಿಗೆಯ ಬಣ್ಣ ಕೇಳಿ, ಗುರುತು ಹೇಳಿಕೊಡುತ್ತಾಳೆ.