ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ

ಇವತ್ತಿನ ಭಾಷಣದಲ್ಲಿ ಕೇಳಿದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಬಿಪಿ ಜಾಸ್ತಿ ಇದ್ದರೂ ಎಷ್ಟೋ ಜನರಿಗೆ ಏನೂ ಗೊತ್ತಾಗುವುದಿಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಆದರೆ ಒಳಗೆ ಹೃದಯ, ಮೆದುಳು, ಕಿಡ್ನಿಗೆ ಪೆಟ್ಟು ಬೀಳುತ್ತಿರುತ್ತದೆ. "ಚೆನ್ನಾಗೇ ಇದ್ದೀನಲ್ಲ, ಸುಮ್ನೆ ಮಾತ್ರೆ ಯಾಕೆ?" ಅಂತ ಅನಿಸುವುದು ಸಹಜ. ನೀವು ಚೆನ್ನಾಗಿರುವುದಕ್ಕೆ ಆ ಮಾತ್ರೆಯೂ ಕಾರಣ ಇರಬಹುದು, ಅಲ್ವಾ? ಮಾತ್ರೆಯಿಂದ ತೊಂದರೆ ಆದರೆ ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆಗಳಿವೆ.

ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಿಪಿ ಜಾಸ್ತಿ ಇದೆ ಎಂದರ್ಥ. ಎರಡರಲ್ಲಿ ಒಂದು ಅಂಕಿ ಹೆಚ್ಚಿದ್ದರೂ ಅಷ್ಟೇ.

ಮನೆಯಲ್ಲಿ ನೋಡುವಾಗ ಮೊದಲು 5 ನಿಮಿಷ ಸುಮ್ಮನೆ ಕೂತಿರಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಮಾತಾಡಬೇಡಿ. ಅದಕ್ಕೂ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು ಬೇಡ.

ದಿನಕ್ಕೆ ಒಟ್ಟು ಉಪ್ಪು ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಪ್ಯಾಕೆಟ್ ತಿಂಡಿಯ ಉಪ್ಪೂ ಇದರಲ್ಲೇ ಸೇರುತ್ತದೆ. ದಿನಾ ನಡೆಯಿರಿ.

ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈಯಲ್ಲಿ ಶಕ್ತಿ ಹೋದರೆ ಕಾಯಬೇಡಿ. ತಕ್ಷಣ ಆಂಬುಲೆನ್ಸ್ ಕರೆಯಿರಿ.