ದಾಸ್ತಾನು ತಂತ್ರಾಂಶದ ತಾತ್ಕಾಲಿಕ ಸ್ಥಗಿತ: ಬಳಕೆದಾರರಿಗೆ ಸೂಚನೆ

ದತ್ತಾಂಶವನ್ನು ಹೊಸ ಸರ್ವರ್‌ಗೆ ವರ್ಗಾಯಿಸಬೇಕಿರುವುದರಿಂದ, ದಾಸ್ತಾನು ತಂತ್ರಾಂಶವು 2026ರ ಮಾರ್ಚ್ 14, ಶನಿವಾರ ರಾತ್ರಿ 10 ಗಂಟೆಯಿಂದ ಭಾನುವಾರ ಬೆಳಗಿನ ಜಾವ 4 ಗಂಟೆಯವರೆಗೆ ಲಭ್ಯವಿರುವುದಿಲ್ಲ.

ಈ ಅವಧಿಯಲ್ಲಿ ಲಾಗಿನ್ ಆಗಲು, ಸರಕಿನ ಒಳಬರವು ಹಾಗೂ ಹೊರಹೋಗುವಿಕೆಯನ್ನು ನಮೂದಿಸಲು ಮತ್ತು ವರದಿ ಪಡೆಯಲು ಸಾಧ್ಯವಾಗದು. ಇಮೇಲ್ ಎಂದಿನಂತೆ ಕೆಲಸ ಮಾಡುತ್ತದೆ. ಅರ್ಧ ತುಂಬಿದ ನಮೂನೆಗಳು ತಾವಾಗಿಯೇ ಉಳಿಯುವುದಿಲ್ಲವಾದ್ದರಿಂದ, ದಯವಿಟ್ಟು ರಾತ್ರಿ 9.45ರೊಳಗೆ ಅವುಗಳನ್ನು ಉಳಿಸಿ ಲಾಗ್‌ಔಟ್ ಆಗಿರಿ.

ರಾತ್ರಿ ಪಾಳಿಯವರು ಅಂದಿನ ದಾಸ್ತಾನು ಪಟ್ಟಿಯನ್ನು ಮುಂಚಿತವಾಗಿ ಮುದ್ರಿಸಿಟ್ಟುಕೊಂಡು, ಸರಕಿನ ಚಲನವಲನವನ್ನು ಕಾಗದದ ರಿಜಿಸ್ಟರ್‌ನಲ್ಲಿ ಸಮಯಸಹಿತ ಬರೆದಿಡಬೇಕು. ಸೇವೆ ಮರಳಿದ ಮೇಲೆ ಅದೇ ಕ್ರಮದಲ್ಲಿ ನಮೂದಿಸಬೇಕು, ಇಲ್ಲದಿದ್ದರೆ ಶಿಲ್ಕು ತಾಳೆಯಾಗದು. ಕೆಲಸ ಬೇಗ ಮುಗಿದರೂ 4 ಗಂಟೆಗೆ ಮೊದಲು ಯಾರೂ ಲಾಗಿನ್ ಆಗಬಾರದು.

ಮಾಹಿತಿ ತಂತ್ರಜ್ಞಾನ ವಿಭಾಗ